ನೆಲಮಾಳಿಗೆಯ ಜನರೇಟರ್ ಕೋಣೆ: ತಂಪಾಗಿರುವವರೆಗೆ ಮಾತ್ರ ಡೀಸೆಲ್ ಕ್ಷೇಮ

ಮಂಗಳೂರು, ಉಡುಪಿ ಪರಿಸರದಲ್ಲಿ ಹಂಚಿನ ಮನೆ, ತೆಂಗಿನ ತೋಟಗಳಿದ್ದ ಎಷ್ಟೋ ಜಾಗಗಳಲ್ಲಿ ಇಂದು ಫ್ಲ್ಯಾಟುಗಳು ಎದ್ದು ನಿಂತಿವೆ. ನಮ್ಮ ವಾಚಕರಲ್ಲಿ ಹಲವರು ಇಂಥ ಫ್ಲ್ಯಾಟುಗಳಲ್ಲೇ ವಾಸವಾಗಿದ್ದಾರೆ. ಮಕ್ಕಳು ಗಲ್ಫಿನಲ್ಲೋ ಕೆನಡಾದಲ್ಲೋ ದುಡಿಯುತ್ತಿದ್ದರೆ, ವಯಸ್ಸಾದ ತಂದೆತಾಯಿ ಐದನೆಯ ಅಥವಾ ಆರನೆಯ ಮಹಡಿಯಲ್ಲಿ ಒಬ್ಬಂಟಿಗರಾಗಿ ಇರುವ ಕುಟುಂಬಗಳೂ ಕಡಿಮೆಯಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಇವರ ಲಿಫ್ಟು ಮತ್ತು ನೀರಿನ ಪಂಪು ನಡೆಯುವುದು ಕಟ್ಟಡದ ಡೀಸೆಲ್ ಜನರೇಟರಿನಿಂದ. ಹಲವು ಕಟ್ಟಡಗಳಲ್ಲಿ ಈ ಜನರೇಟರ್ ಇರುವುದು ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗದ ಒಂದು ಮೂಲೆಯ ಕೋಣೆಯಲ್ಲಿ. ವಾಚ್‌ಮನ್ ಬಿಟ್ಟರೆ ಆ ಕೋಣೆಯ ಒಳಗೆ ಇಣುಕಿ ನೋಡಿದವರು ಕಟ್ಟಡದಲ್ಲಿ ಒಬ್ಬರೂ ಇರಲಿಕ್ಕಿಲ್ಲ.

ಈ ಕೋಣೆಯ ಬಗ್ಗೆ ಮಾತೆತ್ತಿದರೆ ಸಾಮಾನ್ಯವಾಗಿ ಸಿಗುವ ಉತ್ತರ, "ಡೀಸೆಲ್ ಅಲ್ಲವೇ, ಪೆಟ್ರೋಲಿನಂತೆ ಫಕ್ಕನೆ ಹತ್ತಿಕೊಳ್ಳುವುದಿಲ್ಲ" ಎಂಬುದು. ಈ ಮಾತು ಅರ್ಧ ಸತ್ಯ. ಉಳಿದ ಅರ್ಧವನ್ನು ತಿಳಿದುಕೊಂಡರೆ, ಕೋಣೆಯಲ್ಲಿ ಎಷ್ಟು ಡೀಸೆಲ್ ಇಡಬಹುದು, ಗಾಳಿಗೆ ಎಷ್ಟು ಕಿಂಡಿ ಬೇಕು ಎಂಬ ಎರಡು ಪ್ರಶ್ನೆಗಳು ವಾಸ್ತವದಲ್ಲಿ ಒಂದೇ ಪ್ರಶ್ನೆ ಎಂದು ಅರ್ಥವಾಗುತ್ತದೆ.

ಮೂವತ್ತೈದು ಡಿಗ್ರಿಯ ಗೆರೆ

ಯಾವುದೇ ಎಣ್ಣೆ ಬೆಂಕಿ ಹಿಡಿಯುವಾಗ ಉರಿಯುವುದು ದ್ರವವಲ್ಲ, ಅದರ ಆವಿ. ಹತ್ತಿರದ ಕಿಡಿಗೆ ಹತ್ತಿಕೊಳ್ಳುವಷ್ಟು ಆವಿ ಎಣ್ಣೆಯ ಮೇಲೆ ಕೂಡಿಕೊಳ್ಳುವ ಕನಿಷ್ಠ ಉಷ್ಣತೆಗೆ ಫ್ಲ್ಯಾಷ್ ಪಾಯಿಂಟ್ ಎನ್ನುತ್ತಾರೆ. ಪೆಟ್ರೋಲಿನ ಫ್ಲ್ಯಾಷ್ ಪಾಯಿಂಟ್ ಸೊನ್ನೆಗಿಂತಲೂ ಬಹಳ ಕೆಳಗಿದೆ. ಆದುದರಿಂದ ಅದು ಯಾವ ಹವೆಯಲ್ಲೂ ಅಪಾಯಕಾರಿ. ನಮ್ಮ ದೇಶದಲ್ಲಿ ಮಾರಾಟವಾಗುವ ಡೀಸೆಲಿನ ಫ್ಲ್ಯಾಷ್ ಪಾಯಿಂಟ್ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು ಎಂಬುದು ನಿಯಮ. ಪಂಪಿನಿಂದ ಬರುವ ಡೀಸೆಲಿನಲ್ಲಿ ಇದು ಸ್ವಲ್ಪ ಮೇಲೆಯೇ ಇರುತ್ತದೆ. ಆದರೆ ಮಾನಕ ನಮಗೆ ಖಾತರಿ ಕೊಡುವುದು 35 ಡಿಗ್ರಿಯನ್ನು ಮಾತ್ರ.

ಏಪ್ರಿಲ್ ಮೇ ತಿಂಗಳಲ್ಲಿ ಕರಾವಳಿಯ ಹೊರಗಿನ ಹವೆಯೇ 34, 35 ಡಿಗ್ರಿಗೆ ಬರುತ್ತದೆ. ಜನರೇಟರ್ ಓಡುತ್ತಿರುವ, ಗಾಳಿ ಸರಿಯಾಗಿ ಆಡದ ಕೋಣೆಯೊಳಗೆ 45 ಅಥವಾ 50 ಡಿಗ್ರಿ ಆಗುವುದು ದೊಡ್ಡ ಮಾತಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಮೆಕ್ಯಾನಿಕರು ಬಲ್ಲರು, ಉಳಿದವರು ಗಮನಿಸುವುದು ಕಡಿಮೆ. ಟ್ಯಾಂಕಿನಿಂದ ಎಂಜಿನಿಗೆ ಹೋದ ಡೀಸೆಲ್ ಎಲ್ಲವೂ ಉರಿಯುವುದಿಲ್ಲ. ಮಿಕ್ಕಿದ್ದು ಎಂಜಿನಿನ ಬಿಸಿಯನ್ನು ಹೊತ್ತುಕೊಂಡು ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳುತ್ತದೆ. ಕೆಲವು ಗಂಟೆ ಜನರೇಟರ್ ಓಡಿದ ನಂತರ ಟ್ಯಾಂಕಿನ ಹೊರಮೈಯನ್ನು ಮುಟ್ಟಿದರೆ ಈ ಬಿಸಿ ಕೈಗೆ ತಿಳಿಯುತ್ತದೆ. ಅಂದರೆ ತಂಪಾದ ಅಂಗಳದಲ್ಲಿ ಬೆಂಕಿಕಡ್ಡಿಗೂ ಹತ್ತದ ಅದೇ ಡೀಸೆಲ್, ಉಸಿರುಕಟ್ಟಿದ ಕೋಣೆಯಲ್ಲಿ ಪೆಟ್ರೋಲಿನ ಗುಣಕ್ಕೆ ಹತ್ತಿರವಾಗುತ್ತದೆ. ಡೀಸೆಲಿಗೆ ಸುರಕ್ಷೆ ಕೊಡುವುದು ಅದರ ಹೆಸರಲ್ಲ, ಅದರ ತಂಪು. ಆ ತಂಪನ್ನು ಕಾಯುವುದು ಗಾಳಿ.

ಕಾನೂನು ಏನನ್ನುತ್ತದೆ?

1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಡೀಸೆಲ್ 'ಬಿ' ವರ್ಗಕ್ಕೆ ಸೇರಿದ್ದು. ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರಿಗೆ ಮೀರದಂತೆ, ಮತ್ತು ಯಾವುದೇ ಒಂದು ಪಾತ್ರೆಯ ಸಾಮರ್ಥ್ಯ 1,000 ಲೀಟರಿಗೆ ಮೀರದಂತೆ ಇಟ್ಟುಕೊಂಡರೆ ಪರವಾನಿಗೆ ಬೇಡ. ಈ ಎರಡೂ ಷರತ್ತುಗಳು ಒಟ್ಟಿಗೆ ಅನ್ವಯಿಸುತ್ತವೆ. ಒಂದೇ 1,200 ಲೀಟರಿನ ಟ್ಯಾಂಕು ಇಟ್ಟರೆ, ಒಟ್ಟು ಪ್ರಮಾಣ 2,500ಕ್ಕಿಂತ ಕಡಿಮೆಯಿದ್ದರೂ ಪರವಾನಿಗೆ ಬೇಕಾಗುತ್ತದೆ. ಎಂಜಿನಿಗೇ ಅಳವಡಿಸಿದ ಟ್ಯಾಂಕಿಗೆ ಕಾಯಿದೆಯಲ್ಲಿ ಪ್ರತ್ಯೇಕ ವಿನಾಯಿತಿ ಇದೆ. ಮಾರುಕಟ್ಟೆಯಲ್ಲಿ 990 ಲೀಟರಿನ ಟ್ಯಾಂಕುಗಳು ಏಕೆ ಇಷ್ಟೊಂದು ಪ್ರಚಾರದಲ್ಲಿವೆ ಎಂಬುದು ಇದರಿಂದ ತಿಳಿಯುತ್ತದೆ. ಸಾವಿರದ ಗೆರೆಯಿಂದ ಹತ್ತು ಲೀಟರು ಕೆಳಗೆ ನಿಂತರೆ ಕಚೇರಿ ಅಲೆಯುವ ಕೆಲಸವಿಲ್ಲ.

ಆದರೆ ಈ ಅಂಕೆಗಳು ಪರವಾನಿಗೆ ಯಾವಾಗ ಬೇಕು ಎಂದು ಹೇಳುತ್ತವೆಯೇ ಹೊರತು, ನೂರಾರು ಜನ ಮಲಗುವ ಕಟ್ಟಡದ ಅಡಿಯಲ್ಲಿ ಇಷ್ಟು ಡೀಸೆಲ್ ಇಡುವುದು ಕ್ಷೇಮ ಎಂದು ಹೇಳುವುದಿಲ್ಲ. ಅದಕ್ಕೆ ನೋಡಬೇಕಾದದ್ದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವನ್ನು. ಅದರಂತೆ ಜನರೇಟರನ್ನು ನೆಲ ಅಂತಸ್ತಿನಲ್ಲಿ ಅಥವಾ ಮೊದಲನೆಯ ನೆಲಮಾಳಿಗೆಯಲ್ಲಿ ಮಾತ್ರ ಇಡಬಹುದು. ಅದಕ್ಕಿಂತ ಆಳದ ನೆಲಮಾಳಿಗೆಯಲ್ಲಿ ಇಡಬಾರದು. ಕೋಣೆಯ ಗೋಡೆ ಮತ್ತು ಬಾಗಿಲು ಎರಡು ಗಂಟೆ ಬೆಂಕಿಯನ್ನು ತಡೆಯುವಂಥವು ಆಗಿರಬೇಕು. ಗಾಳಿ ಒಳಬರುವುದಕ್ಕೂ ಹೊರಹೋಗುವುದಕ್ಕೂ ಸರಿಯಾದ ವ್ಯವಸ್ಥೆ ಬೇಕು. ಪ್ರತ್ಯೇಕ ಟ್ಯಾಂಕು ಇದ್ದರೆ ಅದರ ಸುತ್ತ ಕಟ್ಟೆ ಕಟ್ಟಿ, ಟ್ಯಾಂಕಿನ ಪ್ರಮಾಣಕ್ಕಿಂತ ಕನಿಷ್ಠ ಶೇಕಡಾ 10ರಷ್ಟು ಹೆಚ್ಚು ಹಿಡಿಯುವಂತೆ ಮಾಡಿ, 300 ಮಿಲಿಮೀಟರು ಎತ್ತರಕ್ಕೆ ಹೊಯಿಗೆ ತುಂಬಬೇಕು. ಟ್ಯಾಂಕು ಒಡೆದರೂ ಡೀಸೆಲ್ ಕಾರುಗಳ ಅಡಿಗೆ ಹರಿಯಬಾರದು ಎಂಬುದು ಇದರ ಉದ್ದೇಶ.

ಒಂದು ಕಟ್ಟಡದ ಲೆಕ್ಕ

ವಿಷಯ ಸ್ಪಷ್ಟವಾಗಲು ನಾವು ಒಂದು ಕಟ್ಟಡವನ್ನು ಕಲ್ಪಿಸಿಕೊಳ್ಳೋಣ. ನಲ್ವತ್ತು ಫ್ಲ್ಯಾಟುಗಳು. ನೆಲಮಾಳಿಗೆಯಲ್ಲಿ 125 ಕೆವಿಎ ಜನರೇಟರ್. ಅದರ ಅಡಿಯಲ್ಲಿ 200 ಲೀಟರಿನ ಸ್ವಂತ ಟ್ಯಾಂಕು, ಪಕ್ಕದಲ್ಲಿ 990 ಲೀಟರಿನ ಟ್ಯಾಂಕು, ಮೂಲೆಯಲ್ಲಿ "ಆಪತ್ತಿಗೆ ಇರಲಿ" ಎಂದು ಇಟ್ಟ 200 ಲೀಟರಿನ ಎರಡು ಬ್ಯಾರೆಲುಗಳು. ಒಟ್ಟು 1,590 ಲೀಟರು. ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಇದರಲ್ಲಿ ಯಾವ ತಪ್ಪೂ ಇಲ್ಲ, ಪರವಾನಿಗೆಯೂ ಬೇಡ.

ಈಗ ಅಗತ್ಯವೆಷ್ಟು ಎಂದು ನೋಡೋಣ. ಲಿಫ್ಟು, ಪಂಪು, ಮನೆಮನೆಯ ಫ್ಯಾನು ಮತ್ತು ದೀಪ ಎಲ್ಲ ಸೇರಿ ಜನರೇಟರಿನ ಮೇಲೆ ಅರ್ಧ ಭಾರ, ಅಂದರೆ 50 ಕಿಲೋವಾಟ್, ಬಿದ್ದರೆ ಗಂಟೆಗೆ ಹೆಚ್ಚುಕಡಿಮೆ 15 ಲೀಟರು ಡೀಸೆಲ್ ಖರ್ಚಾಗುತ್ತದೆ. ಎಂಟು ಗಂಟೆ ಕರೆಂಟು ಇಲ್ಲದಿದ್ದರೆ 120 ಲೀಟರು. ಅಡಿಯ ಟ್ಯಾಂಕೊಂದೇ ಇದಕ್ಕೆ ಸಾಕು. ಇಡೀ ಒಂದು ದಿನ ಕರೆಂಟು ಬಾರದಿದ್ದರೂ 360 ಲೀಟರು. ಆದರೆ ಅಲ್ಲಿರುವ ದಾಸ್ತಾನು ನಾಲ್ಕು ದಿನ ಹಗಲಿರುಳು ಓಡಿಸುವಷ್ಟು! ಪೇಟೆಯಲ್ಲಿ ಕೂಗಳತೆಯ ದೂರದಲ್ಲಿ ಪೆಟ್ರೋಲ್ ಪಂಪು ಇರುವಾಗ ಸಾವಿರಕ್ಕೂ ಮಿಕ್ಕಿದ ಲೀಟರು ಡೀಸೆಲನ್ನು ಮಲಗುವ ಕೋಣೆಗಳ ಅಡಿಯಲ್ಲಿ ಇಡಲು ಕಾರಣವಿಲ್ಲ. ಒಂದು ಚದರ ಮೀಟರು ನೆಲದಲ್ಲಿ ಚೆಲ್ಲಿದ ಡೀಸೆಲ್ ಉರಿಯತೊಡಗಿದರೆ ಹೊರಬರುವ ಶಾಖ ಸುಮಾರು 1,000 ಕಿಲೋವಾಟ್. ಜನರೇಟರಿನ ಪೂರ್ಣ ಶಕ್ತಿಯ ಹತ್ತು ಪಟ್ಟು. ಆ ಉರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಅಲ್ಲಿ ಎಷ್ಟು ಡೀಸೆಲ್ ಇತ್ತು ಎಂಬುದೇ.

ಇನ್ನು ಗಾಳಿಯ ಲೆಕ್ಕ. ಕೋಣೆ 6 ಮೀಟರು ಉದ್ದ, 4.5 ಮೀಟರು ಅಗಲ, 3 ಮೀಟರು ಎತ್ತರ ಎಂದಿಟ್ಟುಕೊಳ್ಳೋಣ. ಒಳಗಿರುವ ಗಾಳಿ 81 ಘನ ಮೀಟರು. ಒಂದು ಲೀಟರು ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಗಂಟೆಗೆ 15 ಲೀಟರು ಉರಿದಾಗ ಮೂರನೆಯ ಒಂದು ಭಾಗ ಮಾತ್ರ ಕರೆಂಟಾಗುತ್ತದೆ. ಉಳಿದ ಎರಡು ಪಾಲು ಶಾಖ. ಅದರಲ್ಲಿ ಬಹುಪಾಲು ಹೊಗೆಕೊಳವೆ ಮತ್ತು ರೇಡಿಯೇಟರಿನ ಮೂಲಕ ಹೊರಹೋಗುತ್ತದೆ. ಆದರೂ ಎಂಜಿನಿನ ಮೈಯಿಂದ ನೇರವಾಗಿ ಕೋಣೆಗೆ ಬರುವ ಶಾಖ 10 ಕಿಲೋವಾಟಿನಷ್ಟು ಇರುತ್ತದೆ. ಕೋಣೆ ಮುಚ್ಚಿದ್ದರೆ, ಗೋಡೆ ಹೀರಿಕೊಳ್ಳುವುದನ್ನು ಬಿಟ್ಟು ಲೆಕ್ಕ ಹಾಕಿದಾಗ, ಈ ಶಾಖ ಒಳಗಿನ ಗಾಳಿಯನ್ನು 10 ಡಿಗ್ರಿ ಏರಿಸಲು ಎರಡು ನಿಮಿಷವೂ ಬೇಡ. ಏರಿಕೆಯನ್ನು 10 ಡಿಗ್ರಿಯೊಳಗೆ ಹಿಡಿದಿಡಬೇಕಾದರೆ ಗಂಟೆಗೆ 3,000 ಘನ ಮೀಟರು ಹೊಸ ಗಾಳಿ ಬೇಕು. ಗೋಡೆಯ ಮೇಲಿನ ಒಂದು ಸಾಧಾರಣ 12 ಇಂಚಿನ ಎಗ್ಸಾಸ್ಟ್ ಫ್ಯಾನು ಸಾಗಿಸುವುದು ಸುಮಾರು ಒಂದು ಸಾವಿರ ಘನ ಮೀಟರು ಮಾತ್ರ. "ಫ್ಯಾನು ಹಾಕಿದ್ದೇವಲ್ಲ" ಎಂಬ ಸಮಾಧಾನ ಎಷ್ಟು ಪೊಳ್ಳು ಎಂಬುದು ಇದರಿಂದ ತಿಳಿಯುತ್ತದೆ.

ಇದಕ್ಕೆ ಸರಿಯಾದ ದಾರಿ ರೇಡಿಯೇಟರಿನಲ್ಲೇ ಇದೆ. ರೇಡಿಯೇಟರಿನ ಮುಂದಿನ ದೊಡ್ಡ ಫ್ಯಾನು ಬೇಕಾದದ್ದಕ್ಕಿಂತ ಹೆಚ್ಚು ಗಾಳಿಯನ್ನು ದೂಡುತ್ತದೆ. ಆ ಬಿಸಿಗಾಳಿಯನ್ನು ತಗಡಿನ ಡಕ್ಟಿನ ಮೂಲಕ ಕಟ್ಟಡದ ಹೊರಗೆ, ತೆರೆದ ಆಕಾಶಕ್ಕೆ ಬಿಟ್ಟರೆ ಕೋಣೆ ತಾನಾಗಿ ತಂಪಾಗುತ್ತದೆ. ಅದನ್ನು ಕಾರು ನಿಲ್ಲಿಸುವ ಜಾಗಕ್ಕೆ ಬಿಟ್ಟರೆ ಅದೇ ಬಿಸಿಗಾಳಿ ಸುತ್ತಿ ಮತ್ತೆ ಒಳಗೆ ಬರುತ್ತದೆ. ಎದುರಿನ ಗೋಡೆಯಲ್ಲಿ ತಂಪು ಗಾಳಿ ಒಳಬರುವ ಕಿಂಡಿಯೂ ಅಷ್ಟೇ ಮುಖ್ಯ. ಈ ಕಿಂಡಿ ರೇಡಿಯೇಟರಿನ ಮುಖದ ಒಂದೂವರೆ ಪಟ್ಟು ಇರಬೇಕೆಂಬುದು ಅಳವಡಿಸುವವರಲ್ಲಿ ರೂಢಿಯಲ್ಲಿರುವ ಅಳತೆ. ಜಾಲರಿ ಮತ್ತು ಓರೆಪಟ್ಟಿಗಳು ಕಿಂಡಿಯ ಅರ್ಧದಷ್ಟನ್ನು ನುಂಗಿಬಿಡುವುದರಿಂದ, ಅಳೆಯಬೇಕಾದದ್ದು ಗೋಡೆಯ ತೂತನ್ನಲ್ಲ, ಗಾಳಿ ನಿಜವಾಗಿ ನುಸುಳುವ ಸಂದನ್ನು.

ಕಿಂಡಿ ಮುಚ್ಚುವವರು ನಾವೇ

ಬಿಲ್ಡರು ಕಿಂಡಿ ಇಟ್ಟೇ ಇಡುತ್ತಾರೆ ಎಂದುಕೊಳ್ಳೋಣ. ಮುಂದೆ ನಡೆಯುವುದೇನು? ನೆಲ ಅಂತಸ್ತಿನ ಫ್ಲ್ಯಾಟಿನವರು ಜನರೇಟರಿನ ಸದ್ದಿನಿಂದ ನಿದ್ದೆಯಿಲ್ಲ ಎಂದು ದೂರುತ್ತಾರೆ. ದೂರು ನ್ಯಾಯವಾದದ್ದೇ. ಆಗ ಅಸೋಸಿಯೇಶನಿನವರು ಕಿಂಡಿಗೆ ಪ್ಲೈವುಡ್ ಹೊಡೆಯುತ್ತಾರೆ. ಜೂನ್ ತಿಂಗಳಲ್ಲಿ ಗಾಳಿಮಳೆ ಓರೆಯಾಗಿ ಬೀಸಿ ನೀರು ಕೋಣೆಯೊಳಗೆ ಬರುತ್ತದೆ. ಆಗ ವಾಚ್‌ಮನ್ ಕಿಂಡಿಗೆ ಟರ್ಪಾಲು ಕಟ್ಟುತ್ತಾನೆ. ಹೀಗೆ ಕರೆಂಟು ಅತಿ ಹೆಚ್ಚು ಹೋಗುವ ಮತ್ತು ಜನರೇಟರ್ ಅತಿ ಹೆಚ್ಚು ಹೊತ್ತು ಓಡುವ ತಿಂಗಳುಗಳಲ್ಲೇ ಕೋಣೆಯ ಉಸಿರು ಕಟ್ಟಿರುತ್ತದೆ. ಸದ್ದಿಗೆ ಪರಿಹಾರ ಶಬ್ದ ಹೀರುವ ಕವಚ ಮತ್ತು ಒಳ್ಳೆಯ ಸೈಲೆನ್ಸರ್. ಮಳೆಗೆ ಪರಿಹಾರ ಕಿಂಡಿಯ ಹೊರಗೆ ಚಾಚಿದ ಮಾಡು. ಎರಡರಲ್ಲಿ ಯಾವುದಕ್ಕೂ ಕಿಂಡಿ ಮುಚ್ಚುವುದು ಪರಿಹಾರವಲ್ಲ.

ಮಳೆಯ ಇನ್ನೊಂದು ಮುಖವೂ ಇದೆ. 2018ರ ಮೇ 29ರಂದು ಮಂಗಳೂರಿನಲ್ಲಿ ಸುರಿದ ಮಳೆ ನಮ್ಮ ನೆನಪಿನಿಂದ ಮಾಸಿಲ್ಲ. ತಗ್ಗು ಜಾಗಗಳಿಗೆ ನೀರು ನುಗ್ಗಲು ಕೆಲವೇ ಗಂಟೆ ಸಾಕು ಎಂಬುದನ್ನು ಅದು ತೋರಿಸಿಕೊಟ್ಟಿತು. ಡೀಸೆಲ್ ನೀರಿಗಿಂತ ಹಗುರ. ನೆಲಕ್ಕೆ ಬಿಗಿಯದ, ಅರ್ಧ ತುಂಬಿದ ಟ್ಯಾಂಕು ನೆರೆನೀರಿನಲ್ಲಿ ದೋಣಿಯಂತೆ ಎದ್ದು ಪೈಪು ಮುರಿದುಕೊಳ್ಳುತ್ತದೆ. ಆಗ ಹೊರಬಂದ ಡೀಸೆಲ್ ನೀರಿನ ಮೇಲೆ ತೇಲುತ್ತಾ ನೆಲಮಾಳಿಗೆಯ ಉದ್ದಗಲಕ್ಕೂ ಹರಡುತ್ತದೆ. ಕಟ್ಟೆಯ ಹೊರಗೆ ನಿಂತ ಬ್ಯಾರೆಲುಗಳನ್ನು ತೆಗೆದುಬಿಡಲು ಇದೊಂದೇ ಕಾರಣ ಸಾಕು.

ಬೆಂಕಿ ಹುಟ್ಟುವುದು ಎಲ್ಲಿ, ಕೊಲ್ಲುವುದು ಏನು

ಜನರೇಟರ್ ಕೋಣೆಯಲ್ಲಿ ಬೆಂಕಿ ಹುಟ್ಟಲು ಹೊರಗಿನ ಕಿಡಿ ಬೇಕೆಂದಿಲ್ಲ. ಎಂಜಿನಿನ ನಡುಕದಿಂದ ಇಂಜೆಕ್ಟರಿಗೆ ಹೋಗುವ ಸಣ್ಣ ಪೈಪಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಅಥವಾ ಹಳೆಯ ರಬ್ಬರ್ ಹೋಸ್ ಸೀಳುತ್ತದೆ. ಒತ್ತಡದಲ್ಲಿರುವ ಡೀಸೆಲ್ ಮಂಜಿನಂತೆ ಚಿಮ್ಮಿ ಬಿಸಿ ಹೊಗೆಕೊಳವೆಯ ಮೇಲೆ ಬೀಳುತ್ತದೆ. ಕಿಡಿಯೇ ಇಲ್ಲದೆ ಡೀಸೆಲ್ ತಾನಾಗಿ ಹತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸಿನ ಬಿಸಿ ಸಾಕಾಗಬಹುದು. ಭಾರ ಹೊತ್ತ ಎಂಜಿನಿನ ಹೊಗೆಯ ಬಿಸಿ 400ರಿಂದ 500 ಡಿಗ್ರಿ. ಹಡಗುಗಳಲ್ಲಿ ದುಡಿದ ನಮ್ಮವರಿಗೆ ಇದು ಹೊಸ ವಿಷಯವಲ್ಲ. ಸಮುದ್ರಯಾನ ಸುರಕ್ಷೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗಿನ ಎಂಜಿನ್ ಕೋಣೆಯಲ್ಲಿ, ಎಣ್ಣೆ ಚಿಮ್ಮಬಹುದಾದ ಕಡೆ 220 ಡಿಗ್ರಿಗಿಂತ ಬಿಸಿಯಾಗುವ ಭಾಗಗಳಿಗೆಲ್ಲ ಶಾಖ ತಡೆಯುವ ಹೊದಿಕೆ ಇರಲೇಬೇಕು. ನಮ್ಮ ಫ್ಲ್ಯಾಟುಗಳ ಜನರೇಟರಿನಲ್ಲಿ ಇದೇ ಹೊದಿಕೆ ಹರಿದು ಜೋತಾಡುತ್ತಿದ್ದರೂ ಕೇಳುವವರಿಲ್ಲ.

ಟ್ಯಾಂಕು ಎಂಜಿನಿಗಿಂತ ಎತ್ತರದ ಸ್ಟ್ಯಾಂಡಿನ ಮೇಲಿದ್ದರೆ ಅಪಾಯ ಇನ್ನೂ ಹೆಚ್ಚು. ಹೋಸ್ ಉರಿದ ಮೇಲೆ ಎಂಜಿನ್ ನಿಂತರೂ ಟ್ಯಾಂಕಿನಲ್ಲಿರುವಷ್ಟೂ ಡೀಸೆಲ್ ತನ್ನ ಭಾರಕ್ಕೆ ತಾನೇ ಇಳಿದು ಬೆಂಕಿಗೆ ಸುರಿಯುತ್ತದೆ. ಆದುದರಿಂದ ಡೀಸೆಲ್ ಪೈಪಿನ ವಾಲ್ವ್ ಮತ್ತು ಎಂಜಿನ್ ನಿಲ್ಲಿಸುವ ಗುಂಡಿ ಕೋಣೆಯ ಹೊರಗೆ ಇರಬೇಕು. ಉರಿಯುವ ಕೋಣೆಯೊಳಗಿನ ವಾಲ್ವ್ ಇದ್ದೂ ಇಲ್ಲದಂತೆ.

ಇಂಥ ಬೆಂಕಿಗಳಲ್ಲಿ ಜನ ಸಾಯುವುದು ಹೆಚ್ಚಾಗಿ ಉರಿಯಿಂದಲ್ಲ, ಹೊಗೆಯಿಂದ. 2011ರ ಡಿಸೆಂಬರ್ 9ರಂದು ಕೊಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಿನ ಅಂತಸ್ತುಗಳಿಗೆ ಹರಡಿ ಸುಮಾರು 90 ಜನ ತೀರಿಹೋದರು. ಅಲ್ಲಿ ಉರಿದದ್ದು ನೆಲಮಾಳಿಗೆಯಲ್ಲಿ ಇಡಬಾರದಾಗಿದ್ದ ಸಾಮಾನುಗಳು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ ಬೆಂಕಿ ಹತ್ತಿಕೊಂಡದ್ದು ವಿದ್ಯುತ್ ಕೇಬಲುಗಳ ಡಕ್ಟಿನಲ್ಲಿ. ಅಲ್ಲಿ 9 ಜನ ಪ್ರಾಣ ಕಳೆದುಕೊಂಡರು. ಎರಡೂ ಜನರೇಟರಿನ ಬೆಂಕಿಗಳಲ್ಲ. ಆದರೆ ಹೊಗೆ ನಡೆದ ದಾರಿ ನಮ್ಮ ಕಟ್ಟಡಗಳಲ್ಲೂ ಇದೆ. ಜನರೇಟರ್ ಕೋಣೆಯಿಂದ ಹೊರಟ ಕೇಬಲುಗಳು ಗೋಡೆಯ ತೂತಿನ ಮೂಲಕ ಡಕ್ಟಿಗೆ ಹೋಗಿ ಎಲ್ಲ ಮಹಡಿಗಳಿಗೂ ಏರುತ್ತವೆ. ಆ ತೂತನ್ನು ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚದಿದ್ದರೆ, ಎರಡು ಗಂಟೆ ತಡೆಯುವ ಗೋಡೆಯಿಂದ ಏನು ಪ್ರಯೋಜನ? ಹೊಗೆಗೆ ಅದೇ ಚಿಮಣಿಯಾಗುತ್ತದೆ. ಮೆಟ್ಟಿಲು ಮತ್ತು ಲಿಫ್ಟಿನ ಬಾವಿ ನೆಲಮಾಳಿಗೆಗೆ ಬಾಗಿಲಿಲ್ಲದೆ ತೆರೆದುಕೊಂಡಿದ್ದರೆ ಅವೂ ಅಷ್ಟೇ.

ಎಲ್ಲರಿಗಿಂತ ಮೊದಲು ಅಪಾಯಕ್ಕೆ ಸಿಲುಕುವವನು ವಾಚ್‌ಮನ್. ದೂರದ ಊರಿನಿಂದ ಬಂದು, ಕೆಲವೊಮ್ಮೆ ಹೆಂಡತಿ ಮಕ್ಕಳೊಂದಿಗೆ, ಜನರೇಟರ್ ಕೋಣೆಯ ಪಕ್ಕದಲ್ಲೇ ಚಾಪೆ ಹಾಸಿ ಮಲಗುವವನು ಅವನು. ಅವರ ಸ್ಟವ್ ಉರಿಯುವುದೂ ಅಲ್ಲಿಯೇ. ಬೆಂಕಿಯೇ ಆಗಬೇಕೆಂದಿಲ್ಲ. ಹೊಗೆಕೊಳವೆಯ ಜೋಡಣೆ ಸಡಿಲವಾಗಿ ಸೋರಿದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮಲಗಿದ್ದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಹೊಗೆಕೊಳವೆ ಕಟ್ಟಡದ ತುದಿಯನ್ನೂ ದಾಟಿ ಮೇಲೆ ಹೋಗಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮ. 125 ಕೆವಿಎ ಜನರೇಟರಿಗೆ ಇದು ಕಟ್ಟಡದ ಎತ್ತರಕ್ಕಿಂತ ಸುಮಾರು ಎರಡೂಕಾಲು ಮೀಟರು ಮೇಲೆ. ನೆಲಮಾಳಿಗೆಯ ರ‍್ಯಾಂಪಿನ ಬಳಿ ಮುಗಿಯುವ ಕೊಳವೆ ಈ ನಿಯಮಕ್ಕೆ ವಿರುದ್ಧ. ಕಟ್ಟಡದಲ್ಲಿ ಯಾರೇ ಆಗಲಿ ಮಲಗಬೇಕಾದ ಜಾಗ ನೆಲಮಾಳಿಗೆಯಲ್ಲ.

ಕಣ್ಣಾರೆ ನೋಡಿ ತಿಳಿಯುವುದು ಹೇಗೆ?

ಇದಕ್ಕೆ ಎಂಜಿನಿಯರೇ ಆಗಬೇಕಿಲ್ಲ. ಜನರೇಟರ್ ಅರ್ಧ ಗಂಟೆ ಓಡಿದ ನಂತರ ಕೋಣೆಯ ಬಳಿಗೆ ಹೋಗಿ. ಒಂದು ಸಾದಾ ಥರ್ಮಾಮೀಟರನ್ನು ಹೊರಗೂ ಒಳಗೂ ಹಿಡಿದು ನೋಡಿ. ವ್ಯತ್ಯಾಸ 10 ಡಿಗ್ರಿಗಿಂತ ಹೆಚ್ಚಿದ್ದರೆ ಗಾಳಿ ಸಾಲದು. ಬಾಗಿಲು ಒಳಕ್ಕೆ ಎಳೆದಂತಾಗಿ ತೆರೆಯಲು ಬಲ ಬೇಕಾದರೆ ಗಾಳಿ ಒಳಬರುವ ಕಿಂಡಿ ಚಿಕ್ಕದಾಗಿದೆ. ಒಂದು ಪೇಪರ್ ಪಟ್ಟಿಯನ್ನು ಆ ಕಿಂಡಿಗೆ ಹಿಡಿಯಿರಿ. ಅದು ಕೋಣೆಯ ಕಡೆಗೆ ಬಲವಾಗಿ ಬಾಗಬೇಕು. ಬಾಗದಿದ್ದರೆ ಗಾಳಿಯ ದಾರಿ ಎಲ್ಲೋ ಕಟ್ಟಿದೆ. ಎಂಜಿನ್ ಪದೇ ಪದೇ ಬಿಸಿಯೇರಿ ನಿಲ್ಲುತ್ತಿದ್ದರೆ ಮೆಕ್ಯಾನಿಕನನ್ನು ಬೈಯುವ ಮೊದಲು ಕಿಂಡಿಯನ್ನು ನೋಡಿ. ನೆಲದಲ್ಲಿ ಎಣ್ಣೆಯ ಕಲೆ, ಎಣ್ಣೆ ಕುಡಿದ ಗೋಣಿಚೀಲ, ಗೋಡೆಯ ಮೇಲೆ ಕಪ್ಪು ಮಸಿ ಕಂಡರೆ ಸೋರಿಕೆ ಇದೆ ಎಂದರ್ಥ. ಮುರಿದ ಕುರ್ಚಿ, ಹಳೆ ಹಾಸಿಗೆ, ಗೋದಲಿಯ ಬೈಹುಲ್ಲು, ನಕ್ಷತ್ರದ ಕಾಗದ, ಯಾವುದೂ ಆ ಕೋಣೆಯಲ್ಲಿ ಇರಕೂಡದು.

ಉರಿಯುವ ಡೀಸೆಲಿಗೆ ನೀರು ಎರಚಿದರೆ ಬೆಂಕಿ ಹರಡುತ್ತದೆ. ಬಾಗಿಲ ಹೊರಗೆ ನೊರೆಯ ಅಥವಾ ಡ್ರೈ ಪೌಡರಿನ ನಂದಕ ಮತ್ತು ಹೊಯಿಗೆಯ ಬಕೆಟುಗಳಿರಲಿ. ಕಾರ್ಬನ್ ಡೈ ಆಕ್ಸೈಡಿನ ನಂದಕ ವಿದ್ಯುತ್ ಪ್ಯಾನಲಿಗೆ ಸರಿ. ಆದರೆ ಮುಚ್ಚಿದ ನೆಲಮಾಳಿಗೆಯಲ್ಲಿ ಅದು ಉಪಯೋಗಿಸುವವನ ಉಸಿರನ್ನೇ ಕಟ್ಟಿಸಬಹುದು. ಬೆಂಕಿ ಕೋಣೆ ತುಂಬಿದ್ದರೆ ಬಾಗಿಲು ತೆರೆಯದೆ, ಹೊರಗಿನ ವಾಲ್ವ್ ಮುಚ್ಚಿ, ಎಂಜಿನ್ ನಿಲ್ಲಿಸಿ, 101 ಅಥವಾ 112ಕ್ಕೆ ಫೋನು ಮಾಡುವುದಷ್ಟೇ ವಾಚ್‌ಮನ್‌ನ ಕೆಲಸ. ಇದನ್ನು ಅವನ ಭಾಷೆಯಲ್ಲಿ ಅವನಿಗೆ ಹೇಳಿಕೊಡುವುದು ಅಸೋಸಿಯೇಶನಿನ ಕೆಲಸ.

ಮುಂದಿನ ಮಹಾಸಭೆಯಲ್ಲಿ ಪೈಂಟಿಂಗಿನ ಖರ್ಚು, ಪಾರ್ಕಿಂಗಿನ ಜಗಳಗಳ ನಡುವೆ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಬಹುದು. ನಮ್ಮಲ್ಲಿ ಎಷ್ಟು ಲೀಟರು ಡೀಸೆಲ್ ಇದೆ, ಒಂದು ದಿನಕ್ಕೆ ಬೇಕಾದದ್ದೆಷ್ಟು? ಬಿಸಿಗಾಳಿ ಕಟ್ಟಡದ ಹೊರಗೆ ಹೋಗುತ್ತಿದೆಯೇ, ಕಿಂಡಿ ತೆರೆದಿದೆಯೇ? ವಾಚ್‌ಮನ್ ಮಲಗುವುದು ಎಲ್ಲಿ? ಮೊದಲನೆಯದಕ್ಕೆ ಪರಿಹಾರ ಬ್ಯಾರೆಲುಗಳನ್ನು ಹಿಂದೆ ಕಳಿಸುವುದು, ಎರಡನೆಯದಕ್ಕೆ ಒಂದು ಡಕ್ಟು ಮತ್ತು ಒಂದು ಮಾಡು, ಮೂರನೆಯದಕ್ಕೆ ನೆಲ ಅಂತಸ್ತಿನಲ್ಲಿ ಒಂದು ಚಿಕ್ಕ ಕೋಣೆ. ನಲ್ವತ್ತು ಮನೆಗಳಿಗೆ ಹಂಚಿದರೆ ಇವುಗಳಲ್ಲಿ ಯಾವುದೂ ಹೊರಲಾರದ ಖರ್ಚಲ್ಲ.